ಒಂದು ಅಂಕದ ಪ್ರಶ್ನೆ

ಎರಡು ವರ್ಷಗಳ ಹಿಂದಿನ ಮಾತು. ಜನವರಿ 31 ವರಕವಿ ದ. ರಾ. ಬೇಂದ್ರೆಯವರ ಜನ್ಮದಿನ. ಅದರ ನಿಮಿತ್ತ ನಮ್ಮ ಸಂಘದವರು ಗಡಿಭಾಗದ ಕನ್ನಡ ಶಾಲೆಗಳ ಮಕ್ಕಳಿಗಾಗಿ ಲಿಖಿತ ರಸಪ್ರಶ್ನೆಯೊಂದನ್ನು ಏರ್ಪಡಿಸಿದ್ದರು. ಪ್ರಶ್ನೆಗಳನ್ನು ತೆಗೆದವನೂ ಉತ್ತರಗಳನ್ನು ತಿದ್ದಿದವನೂ ನಾನೇ. ಅದರಲ್ಲಿ ಒಂದು ಅಂಕದ ಪ್ರಶ್ನೆಯೊಂದಿತ್ತು: 'ಬೇಂದ್ರೆಯವರ ಮಾತೃಭಾಷೆ ಯಾವುದು?' ಒಬ್ಬ ಹುಡುಗ 'ಕನ್ನಡ' ಎಂದು ಬರೆದಿದ್ದ. ನಾನು ಕೆಂಪು ಮಸಿಯಿಂದ ಅಡ್ಡಗೆರೆ ಎಳೆದು 'ಮರಾಠಿ' ಎಂದು ತಿದ್ದಿದೆ. ಆ ಒಂದು ಅಂಕದಿಂದ ಅವನಿಗೆ ಎರಡನೆಯ ಬಹುಮಾನ ತಪ್ಪಿತು.

ಸಮಾರಂಭ ಮುಗಿದ ಮೇಲೆ ಅವನ ಅಜ್ಜಿ ನನ್ನನ್ನು ಹುಡುಕಿಕೊಂಡು ಬಂದರು. "ಏನ್ರಿ ಸರ, ಬೇಂದ್ರೆ ಅಜ್ಜಾರು ತಮ್ಮ ತಾಯಿ ಹೆಸರು ಇಟಕೊಂಡು ಬರದಾರ. ಬರದದ್ದು ಕನ್ನಡದಾಗ. ಅಂದ ಮ್ಯಾಲ ತಾಯಿಭಾಷಾ ಕನ್ನಡ ಆಗಲಿಲ್ಲೇನು? ಹುಡುಗ ಏನ್ ತಪ್ಪು ಬರದಾನ?" ಎಂದು ಕೇಳಿದರು. ಬೇಂದ್ರೆಯವರದು ಮರಾಠಿ ಮನೆತನ, ಮನೆಯಲ್ಲಿ ಆಡುತ್ತಿದ್ದುದು ಮರಾಠಿ ಎಂದು ನಾನು ಹೇಳಿದೆ. ಆಕೆ ಒಪ್ಪಲಿಲ್ಲ. ಆಕೆಗೆ ಉತ್ತರ ಹೇಳಿಬಿಟ್ಟೆನೆಂದು ಆ ದಿನ ನನಗೆ ಅನ್ನಿಸಿತ್ತು. ಮನೆಗೆ ಬಂದು ಮಲಗಿದ ಮೇಲೆ ಹಾಗನ್ನಿಸಲಿಲ್ಲ.

ಮಾತೃಭಾಷೆಯನ್ನು ನಿರ್ಣಯಿಸುವ ಕೆಲಸವನ್ನು ನಾನು ಸರ್ಕಾರದ ಪರವಾಗಿ ಎರಡು ಸಲ ಮಾಡಿದ್ದೇನೆ. 1981 ಮತ್ತು 1991ರ ಜನಗಣತಿಗಳಲ್ಲಿ ಶಿಕ್ಷಕರಾದ ನಾವೇ ಗಣತಿದಾರರು. ಅಲ್ಲಿ ಮಾತೃಭಾಷೆಗೆ ಒಂದು ಲಕ್ಷಣವನ್ನು ಹೇಳಿಕೊಟ್ಟಿದ್ದರು. ಬಾಲ್ಯದಲ್ಲಿ ತಾಯಿ ಆ ವ್ಯಕ್ತಿಯೊಡನೆ ಆಡಿದ ಭಾಷೆಯೇ ಮಾತೃಭಾಷೆ. ಶೈಶವದಲ್ಲಿಯೇ ತಾಯಿ ತೀರಿಕೊಂಡಿದ್ದರೆ, ಬಾಲ್ಯದಲ್ಲಿ ಮನೆಯೊಳಗೆ ಮುಖ್ಯವಾಗಿ ಬಳಕೆಯಲ್ಲಿದ್ದ ಭಾಷೆ. ಒಂದೇ ಮನೆಯ ಇಬ್ಬರಿಗೆ ಬೇರೆ ಬೇರೆ ಮಾತೃಭಾಷೆ ಇರಬಹುದು. ಆತನಿಗೆ ಬರುವ ಉಳಿದ ಭಾಷೆಗಳಿಗೆ ಬೇರೊಂದು ಕಾಲಮು. ಎಲ್ಲಕ್ಕಿಂತ ಮುಖ್ಯವಾದ ಸೂಚನೆಯೆಂದರೆ, ಮನೆಯವರು ಏನು ಹೇಳುತ್ತಾರೋ ಅದನ್ನೇ ಬರೆಯಬೇಕು, ವಾದ ಮಾಡಕೂಡದು.

ಈ ಲಕ್ಷಣವಾದರೂ ಮೊದಲಿನಿಂದ ಹೀಗೆಯೇ ಇದ್ದುದಲ್ಲ. 1891ರ ಗಣತಿಯಲ್ಲಿ ಕೇಳಿದ್ದು ತಂದೆತಾಯಿಗಳ ಭಾಷೆಯನ್ನು. 1901ರಲ್ಲಿ ಕೇಳಿದ್ದು ವ್ಯಕ್ತಿ ಸಾಮಾನ್ಯವಾಗಿ ಬಳಸುವ ಭಾಷೆಯನ್ನು. ಬೇಂದ್ರೆಯವರು ಹುಟ್ಟಿದ್ದು ಈ ಎರಡು ಗಣತಿಗಳ ನಡುವೆ, 1896ರಲ್ಲಿ. ಮೊದಲ ಪ್ರಶ್ನೆಗೆ ಅವರ ಮನೆಯವರು ಮರಾಠಿ ಎಂದೇ ಹೇಳಬೇಕು. ಎರಡನೆಯದಕ್ಕೆ ಧಾರವಾಡದ ಓಣಿಯಲ್ಲಿ ಆಡುವ ಐದು ವರ್ಷದ ಹುಡುಗನ ಪರವಾಗಿ ಯಾರು ಏನು ಹೇಳಬೇಕಿತ್ತು? ಪ್ರಶ್ನೆ ಬದಲಾದರೆ ಉತ್ತರವೂ ಬದಲಾಗಬಹುದು. ಆದರೆ ನಾನು ಮಕ್ಕಳಿಗೆ ಲಕ್ಷಣವನ್ನು ಹೇಳದೆ ಹೆಸರನ್ನು ಮಾತ್ರ ಕೇಳಿದ್ದೆ.

ಆದ್ದರಿಂದ ಸಾಕ್ಷ್ಯಗಳನ್ನು ಒಂದೊಂದಾಗಿ ನೋಡತೊಡಗಿದೆ. ಅಜ್ಜಿ ತೋರಿಸಿದ ಸಾಕ್ಷ್ಯ ಕಾವ್ಯನಾಮದ್ದು. 'ಅಂಬಿಕಾತನಯದತ್ತ' ಎಂದರೆ ಅಂಬಿಕೆಯ ಮಗ ದತ್ತ. ಹೆಸರಿನಲ್ಲಿ ತಾಯಿ ಇದ್ದಾಳೆ, ನಿಜ. ಆದರೆ ಆ ಸಮಾಸ ಸಂಸ್ಕೃತದ್ದು. ಅದು ಕನ್ನಡಕ್ಕೂ ಮರಾಠಿಗೂ ಸಮಾನ ದೂರದಲ್ಲಿ ನಿಂತಿದೆ. ಕನ್ನಡದಲ್ಲಿ ಬರೆಯುವವರು ಕೆಲವರು ಆ ತಾಯಿಯನ್ನು 'ಅಂಬವ್ವ' ಎಂದೂ ಕರೆದಿದ್ದಾರೆ. ನೋಡಿ, 'ಅವ್ವ' ಎಂಬ ಅಚ್ಚಕನ್ನಡ ಶಬ್ದವೇ ಇದೆಯಲ್ಲ ಎಂದು ಹಿಗ್ಗುವಂತಿಲ್ಲ. ಅದು ಓಣಿಯವರು ಕರೆದ ಹೆಸರಾಗಿರಬಹುದು, ಚರಿತ್ರೆ ಬರೆದವರ ನಾಲಿಗೆಯ ರೂಢಿಯೂ ಆಗಿರಬಹುದು. ನಮ್ಮ ಗಡಿಯಲ್ಲಿ ಒಬ್ಬಳೇ ಹೆಂಗಸು ಒಂದು ಓಣಿಯಲ್ಲಿ 'ಬಾಯಿ', ಇನ್ನೊಂದರಲ್ಲಿ 'ಅವ್ವ' ಆಗುವುದು ನಮಗೆಲ್ಲ ಗೊತ್ತಿದ್ದ ಸಂಗತಿ.

ಇನ್ನು ಬರೆಹದ ಸಾಕ್ಷ್ಯ. ಬೇಂದ್ರೆಯವರು ಕನ್ನಡದಲ್ಲಿ ಬರೆದರು, ಮರಾಠಿಯಲ್ಲಿಯೂ ಬರೆದರು. ವಿಠ್ಠಲನನ್ನು ಕುರಿತ 'ಸಂತ ಮಹಂತಾಂಚಾ ಪೂರ್ಣ ಶಂಭು ವಿಠ್ಠಲ' ಅವರ ಮರಾಠಿ ಕೃತಿ. ಹೆಚ್ಚು ಬರೆದ ಭಾಷೆ ಯಾವುದು ಎಂದು ಪುಟಗಳನ್ನು ಎಣಿಸಿದರೆ ಕನ್ನಡ ಗೆಲ್ಲುತ್ತದೆ. ಆದರೆ ಪುಟಗಳ ಎಣಿಕೆಯಿಂದ ತಾಯಿಯ ಭಾಷೆ ತಿಳಿಯುವುದಿಲ್ಲ. ಹಾಗೆ ತಿಳಿಯುವುದಾದರೆ ನಮ್ಮ ದೇಶದ ಎಷ್ಟೋ ಪಂಡಿತರ ಮಾತೃಭಾಷೆ ಸಂಸ್ಕೃತವೆಂದು ಬರೆಯಬೇಕಾದೀತು.

ಎಷ್ಟು ಬರೆದರು ಎಂಬುದಕ್ಕಿಂತ ಎಂಥ ಕನ್ನಡವನ್ನು ಬರೆದರು ಎಂಬುದು ಹೆಚ್ಚು ಹೇಳುತ್ತದೆ. ಐವತ್ತು ವರ್ಷ ಪ್ರಬಂಧಗಳನ್ನು ತಿದ್ದಿದವನ ಅನುಭವದಿಂದ ಇದನ್ನು ಹೇಳುತ್ತೇನೆ. ಪುಸ್ತಕದಿಂದ ಭಾಷೆ ಕಲಿತ ಹುಡುಗ ಪುಸ್ತಕದಂತೆ ಬರೆಯುತ್ತಾನೆ. ಅವನ ವಿಭಕ್ತಿ, ಕ್ರಿಯಾಪದ ಎಲ್ಲವೂ ಇಸ್ತ್ರಿ ಮಾಡಿದ ಅಂಗಿಯಂತೆ. ಆಡುತ್ತ ಕಲಿತವನ ಬರೆಹದಲ್ಲಿ ಓಣಿಯ ಧೂಳು ಹತ್ತಿರುತ್ತದೆ. ಬೇಂದ್ರೆಯವರ ಕವಿತೆಗಳ ಒಳ್ಳೆಯ ಭಾಗವೆಲ್ಲ ಈ ಎರಡನೆಯ ಬಗೆಯದು. ಧಾರವಾಡದ ಮಾತಿನಲ್ಲಿ ಶಬ್ದದ ಕೊನೆಯ ಅಕಾರವನ್ನು ಸ್ವಲ್ಪ ಎಳೆಯುತ್ತೇವಲ್ಲ, 'ಹೌದಽ' ಎಂದು, ಆ ಎಳೆತಕ್ಕೆ ನಮ್ಮ ಲಿಪಿಯಲ್ಲಿ ಅಕ್ಷರವಿಲ್ಲ. ಸಂಸ್ಕೃತದ ಸಂಧಿಗಳಲ್ಲಿ ಬಳಸುವ ಅವಗ್ರಹ ಚಿಹ್ನೆಯನ್ನು ಆ ಎಳೆತಕ್ಕಾಗಿ ದುಡಿಸಿಕೊಂಡ ಕವಿ ಅವರು. ಗ್ರಂಥಗಳಿಂದ ಕನ್ನಡ ಕಲಿತವನಿಗೆ ಆ ಎಳೆತ ಕಿವಿಗೆ ಬೀಳುವುದೇ ಇಲ್ಲ. ಬಿದ್ದರೂ ಅದು ತಪ್ಪು ಉಚ್ಚಾರವೆಂದು ಬಿಟ್ಟುಬಿಡುತ್ತಾನೆ. ಈ ಕವಿಗೆ ಅದನ್ನು ಬಿಟ್ಟರೆ ಪದ್ಯವೇ ಕೆಡುತ್ತಿತ್ತು.

ಇದರಿಂದ ಅವರ ಮಾತೃಭಾಷೆ ಕನ್ನಡವೆಂದು ಸಿದ್ಧವಾಯಿತೆ? ಇಲ್ಲ. ಕನ್ನಡವು ಅವರ ಕಿವಿಗೆ ಎಳೆತನದಲ್ಲಿಯೇ ಬಿದ್ದಿತ್ತು, ಮನೆಯ ಹೊಸ್ತಿಲ ಹೊರಗೆ ಬಿದ್ದಿತ್ತು ಎಂಬುದಷ್ಟೇ ಸಿದ್ಧವಾಯಿತು. ಆಗ ಧಾರವಾಡ ಮುಂಬಯಿ ಪ್ರಾಂತಕ್ಕೆ ಸೇರಿತ್ತು, ಮರಾಠಿಯ ಪ್ರಭಾವ ಊರಿನಲ್ಲಿಯೂ ದೊಡ್ಡದಿತ್ತು. ಅಂಥಲ್ಲಿ ಹೊಸ್ತಿಲ ಒಳಗೊಂದು ಭಾಷೆ, ಹೊರಗೊಂದು ಭಾಷೆ ಇಟ್ಟುಕೊಂಡು ಬೆಳೆಯುವುದು ಮಗುವಿಗೆ ಕಷ್ಟವೇನಲ್ಲ. ಕಷ್ಟವಾಗುವುದು ನಮೂನೆ ತುಂಬುವವರಿಗೆ.

ನನ್ನ ಈ ಪರೀಕ್ಷೆಗೂ ಒಂದು ಮಿತಿಯಿದೆ. ಕಾಸರಗೋಡು ಸೀಮೆಯ ಮಂಜೇಶ್ವರದ ಗೋವಿಂದ ಪೈಗಳನ್ನು ನೆನೆದಾಗ ಅದು ತಿಳಿಯಿತು. ಅವರ ಮನೆಮಾತು ಕೊಂಕಣಿ, ಸುತ್ತಲಿನ ಮಾತು ತುಳು, ಬರೆದದ್ದು ಕನ್ನಡ. 1949ರಲ್ಲಿ ಮದರಾಸು ಸರ್ಕಾರ ಅವರಿಗೆ ರಾಷ್ಟ್ರಕವಿ ಎಂಬ ಬಿರುದನ್ನು ಕೊಟ್ಟಿತು. ಅವರ ಕನ್ನಡದಲ್ಲಿ ಓಣಿಯ ಧೂಳನ್ನು ಹುಡುಕಿದರೆ ಸಿಗದು. ಅದು ಹಳಗನ್ನಡವನ್ನು ಅರಗಿಸಿಕೊಂಡ ವಿದ್ವಾಂಸನ ಕನ್ನಡ. ಆದರೆ ಆ ಕರಾವಳಿಯಲ್ಲಿ ಕೊಂಕಣಿ ಮನೆಯ ಹುಡುಗನಿಗೂ ತುಳು ಮನೆಯ ಹುಡುಗನಿಗೂ ಕನ್ನಡ ಬರುವುದು ಬಹುಮಟ್ಟಿಗೆ ಶಾಲೆಯ ದಾರಿಯಿಂದಲೇ. ಆದ್ದರಿಂದ ಗ್ರಾಂಥಿಕವಾದದ್ದೆಲ್ಲ ಪರಕೀಯ, ಆಡುಮಾತಾದದ್ದೆಲ್ಲ ಸ್ವಂತ ಎಂದು ಧಾರವಾಡದ ಅಳತೆಗೋಲನ್ನು ಮಂಜೇಶ್ವರಕ್ಕೆ ಒಯ್ಯುವಂತಿಲ್ಲ.

ಕೊನೆಗೆ ನನಗೆ ನೆರವಾದದ್ದು ಬೇಂದ್ರೆಯವರ ಸ್ವಂತ ಕಲ್ಪನೆಯೇ. ಅವರು ತಮಗೆ ಐವರು ತಾಯಂದಿರೆಂದು ಭಾವಿಸಿದ್ದರು: ವಿಶ್ವಮಾತೆ, ಭೂಮಾತೆ, ಭಾರತಮಾತೆ, ಕನ್ನಡಮಾತೆ ಮತ್ತು ಹೆತ್ತ ತಾಯಿ. ಅಭಿಮಾನದ ಭಾಷಣಗಳಲ್ಲಿ ಇದನ್ನು ನಾವು ಎಷ್ಟೋ ಸಲ ಕೇಳಿದ್ದೇವೆ, ನಾನೂ ಹೇಳಿದ್ದೇನೆ. ಆದರೆ ಎಣಿಸುವವನ ಕಣ್ಣಿನಿಂದ ನೋಡಿರಲಿಲ್ಲ. ಕನ್ನಡಮಾತೆಗೂ ಹೆತ್ತ ತಾಯಿಗೂ ಅವರು ಬೇರೆ ಬೇರೆ ಸ್ಥಾನ ಕೊಟ್ಟಿದ್ದಾರೆ. ಹೆತ್ತವಳನ್ನು ಕನ್ನಡದವಳನ್ನಾಗಿ ಮಾಡಲು ಅವರು ಹೋಗಲಿಲ್ಲ. ಕನ್ನಡವನ್ನು ಮಲತಾಯಿ ಎನ್ನಲೂ ಇಲ್ಲ. ಗಣತಿಯ ನಮೂನೆಯಲ್ಲಿ ತಾಯಿಗೆ ಇರುವುದು ಒಂದೇ ಕಾಲಮು. ಈ ಕವಿಯ ಲೆಕ್ಕದಲ್ಲಿ ಐದು.

ಹೀಗೆ ವಿಚಾರ ಮಾಡುವಾಗ ನನ್ನ ಹಳೆಯ ತಪ್ಪೊಂದು ನೆನಪಾಗಿ ಕಾಡಿತು. ನಾನು ಮುಖ್ಯಾಧ್ಯಾಪಕನಾಗಿದ್ದಾಗ ನೇಕಾರರ ಮನೆಯ ಹುಡುಗನೊಬ್ಬನನ್ನು ಮೊದಲನೆಯ ಇಯತ್ತೆಗೆ ಸೇರಿಸಲು ಅವನ ತಾಯಿ ಬಂದಿದ್ದಳು. ಸೋಲಾಪುರದ ನೇಕಾರಿಕೆಯಲ್ಲಿ ತೆಲುಗಿನವರು ಬಹಳ. ಆಕೆ ಮಗನಿಗೆ ಬುದ್ಧಿ ಹೇಳಿದ್ದು ತೆಲುಗಿನಲ್ಲಿ, ನನ್ನೊಡನೆ ಮಾತಾಡಿದ್ದು ಕನ್ನಡದಲ್ಲಿ. ಜನರಲ್ ರಜಿಸ್ಟರಿನ ಮಾತೃಭಾಷೆಯ ಕಾಲಮಿನಲ್ಲಿ ನಾನು ಆಕೆಯನ್ನು ಕೇಳದೆಯೇ 'ಕನ್ನಡ' ಎಂದು ಬರೆದೆ. ನಮ್ಮ ಕನ್ನಡ ವರ್ಗದ ಪಟಸಂಖ್ಯೆ ಆ ವರ್ಷ ಇಳಿದಿತ್ತು, ಒಬ್ಬ ಶಿಕ್ಷಕರ ಹುದ್ದೆ ಹೋಗುವ ಭಯವಿತ್ತು. ಕನ್ನಡ ಶಾಲೆಯಲ್ಲಿ ಕನ್ನಡ ಮಾತೃಭಾಷೆಯ ಮಕ್ಕಳೇ ಹೆಚ್ಚು ಕಾಣಲಿ ಎಂಬ ಆಸೆಯಿಂದ ಬರೆದೆ. ಹುಡುಗ ಚೆನ್ನಾಗಿ ಕಲಿತ. ಶಾಲೆ ಬಿಟ್ಟ ದಾಖಲೆಯಲ್ಲಿಯೂ ಅದೇ 'ಕನ್ನಡ' ಮುಂದುವರಿಯಿತು, ಸಹಿ ನನ್ನದೇ. ಬೇಂದ್ರೆಯವರ ವಿಷಯದಲ್ಲಿ ಅಷ್ಟು ಕಟ್ಟುನಿಟ್ಟಾಗಿ ಹೆತ್ತ ತಾಯಿಯ ಮಾತನ್ನೇ ಹಿಡಿದ ನಾನು, ಎದುರಿಗೇ ನಿಂತಿದ್ದ ಒಬ್ಬ ತಾಯಿಯನ್ನು ಒಂದು ಮಾತು ಕೇಳಿರಲಿಲ್ಲ.

ನೆರೆಯ ಮರಾಠಿ ಶಾಲೆಯ ಗೆಳೆಯರೊಬ್ಬರು, 1973ರ ಜ್ಞಾನಪೀಠ ಬಂದದ್ದು ನಮ್ಮವರಿಗೇ ಎಂದು ನಗುತ್ತ ಕೆಣಕುವುದುಂಟು. ಮೊದಲೆಲ್ಲ ಜಗಳಕ್ಕೆ ನಿಲ್ಲುತ್ತಿದ್ದೆ. ಈಗ, ಮನೆ ನಿಮ್ಮದು, 'ನಾಕು ತಂತಿ' ನಮ್ಮದು ಎನ್ನುತ್ತೇನೆ. 1944ರಿಂದ 1956ರವರೆಗೆ ಇದೇ ಸೋಲಾಪುರದ ಡಿ.ಎ.ವಿ. ಕಾಲೇಜಿನಲ್ಲಿ, ಸುತ್ತಲೂ ಮರಾಠಿಯೇ ಇರುವ ಪಟ್ಟಣದಲ್ಲಿ, ಅವರು ಕನ್ನಡ ಕಲಿಸಿದರಲ್ಲ, ಅದನ್ನೂ ಸೇರಿಸಿ ಹೇಳುತ್ತೇನೆ.

ಪರೀಕ್ಷಾ ಮಂಡಳಿಗಳಲ್ಲಿ ಒಂದು ರೂಢಿಯಿದೆ. ಪ್ರಶ್ನೆಯೇ ಸಂದಿಗ್ಧವಾಗಿದ್ದರೆ ಉತ್ತರ ಬರೆದ ಎಲ್ಲರಿಗೂ ಆ ಅಂಕವನ್ನು ಕೊಡುತ್ತಾರೆ. ಹಾಗೆ ಕೊಟ್ಟು ಮತ್ತೆ ಕೂಡಿಸಿ ನೋಡಿದೆ. ಆ ಹುಡುಗ ಎರಡನೆಯ ಸ್ಥಾನದವನೊಡನೆ ಸರಿಸಮನಾಗಿ ನಿಂತ. ಒಂದು ಪುಸ್ತಕ ಕೊಂಡು ಅವನ ಮನೆಗೆ ಹೋದೆ. ಅಜ್ಜಿ ಬಾಗಿಲಲ್ಲಿಯೇ ಇದ್ದರು. ಪ್ರಶ್ನೆ ತಪ್ಪಿತ್ತು, ಹುಡುಗನದಲ್ಲ ಎಂದು ಹೇಳಿದೆ. "ಹಂಗಾರ ಖರೇ ಉತ್ತರ ಯಾವುದ್ರಿ ಸರ?" ಎಂದು ಕೇಳಿದರು. ಮನೆಮಾತು ಯಾವುದು ಎಂದು ಕೇಳಿದ್ದರೆ ಮರಾಠಿ, ಕವಿತೆಯ ಮಾತು ಯಾವುದು ಎಂದು ಕೇಳಿದ್ದರೆ ಕನ್ನಡ ಎಂದೆ. ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಬರ್ರಿ, ಒಳಗ ಬರ್ರಿ, ಚಹಾ ಕುಡದು ಹೋಗೀರಂತ" ಎಂದು ಮೊಮ್ಮಗನನ್ನು ಕರೆದರು.