ಎಂಬತ್ತು ಹೆಜ್ಜೆಯ ಹಾಡು

ಅತ್ತೆಯ ಮಗಳು ವರಸೆಯಲ್ಲಿ ನನ್ನನ್ನು ಅತ್ತಿಗೆ ಎನ್ನಬೇಕು. ಹೈದರಾಬಾದಿನಲ್ಲಿ ಬೆಳೆದವಳು, ಅಕ್ಕ ಎನ್ನುತ್ತಾಳೆ. ಮದುವೆಗೆ ಒಂದು ತಿಂಗಳಿದ್ದಾಗ ಫೋನ್ ಮಾಡಿ, "ಅಕ್ಕಾ, ನಾ ಹಾಲ್‌ನಾಗ ಬರೋ ಹೊತ್ತಿಗೆ ಒಂದು ಕನ್ನಡ ಹಾಡು ಬೇಕು. ನೀನೇ ಬರದ ಕೊಡು. ಎಲ್ಲಾರೂ ಎದ್ದು ನಿಲ್ಲಬೇಕು, ಹಂಗ ಇರಲಿ" ಎಂದಳು. ಹುಡುಗನ ಮನೆಯವರು ತೆಲಂಗಾಣದವರು. ಮದುವೆ ಲಿಂಗಂಪಲ್ಲಿಯ ಒಂದು ಫಂಕ್ಷನ್ ಹಾಲ್‌ನಲ್ಲಿ. ಕಲಬುರಗಿಯಿಂದ ಬರುವ ನಮ್ಮವರು ವಿಕಾರಾಬಾದ್ ದಾಟಿ ಸಿಟಿಯೊಳಗೆ ಹೋಗುವ ಮುನ್ನವೇ ಇಳಿದುಬಿಡಬಹುದು ಎಂಬುದು ಆ ಜಾಗ ಆರಿಸಲು ಕಾರಣ.

ನಾನು ಕೈಪಿಡಿ, ಕರಾರುಪತ್ರಗಳನ್ನು ಅನುವಾದಿಸಿ ಬದುಕುವವಳು. ಹಾಡು ಬರೆದವಳಲ್ಲ. ಆದರೂ ಒಪ್ಪಿಕೊಂಡು, ಎರಡು ದಿನದಲ್ಲಿ ಹದಿನಾರು ಸಾಲು ಬರೆದೆ. ಮೊದಲ ಸಾಲು "ಅಂಗಳ ತುಂಬಿದ ಹೂವಿನ ಪರಿಮಳ" ಎಂದಿತ್ತು. ಓದಲು ಚೆನ್ನಾಗಿಯೇ ಇತ್ತು.

ಬಾರಿಸಲು ಒಪ್ಪಿಕೊಂಡಿದ್ದವರು ನಾಲ್ವರು ದಪ್ಪು ವಾದಕರು ಮತ್ತು ಒಬ್ಬರು ಸನ್ನಾಯಿಯವರು. ದಪ್ಪು ಎಂದರೆ ನಮ್ಮ ಹಲಗೆಯ ಬಳಗದ್ದೇ. ಮರದ ಬಳೆಗೆ ಬಿಗಿದ ಚರ್ಮ, ಒಂದು ಕೈಯಲ್ಲಿ ಗಿಡ್ಡ ದಪ್ಪ ಕೋಲು, ಇನ್ನೊಂದರಲ್ಲಿ ಉದ್ದನೆಯ ಸಣ್ಣ ಕಡ್ಡಿ. ಹಿರಿಯ ವಾದಕರು ನನ್ನ ಸಾಲನ್ನು ಒಮ್ಮೆ ಹೇಳಿಸಿಕೊಂಡು, ತೀನ್ಮಾರ್ ಹಿಡಿದು, ನಗುತ್ತಾ ನಿಲ್ಲಿಸಿದರು. "ಅಮ್ಮಾ, ಇದು ಕೂರುವುದಿಲ್ಲ" ಎಂದರು ತೆಲುಗಿನಲ್ಲಿ.

ತೀನ್ಮಾರ್ ಎಂಬ ಹೆಸರಲ್ಲೇ ಕಾರಣವಿದೆ: ಮೂರು ಪೆಟ್ಟು. ಹೈದರಾಬಾದಿನ ಮೆರವಣಿಗೆಗಳ ಮುಖ್ಯ ನಡೆ ಇದು. ದಪ್ಪುವಿನಲ್ಲೂ ಕೇಳುತ್ತದೆ, ನಿಜಾಮರ ಸೈನ್ಯಕ್ಕೆ ಬಂದ ಅರಬ್ಬರು ಮತ್ತು ಆಫ್ರಿಕಾ ಮೂಲದವರು ತಂದ ಮರ್ಫಾದಲ್ಲೂ ಕೇಳುತ್ತದೆ. ನನ್ನ ಸಾಲು ನಾಲ್ಕರ ನಡೆಯದು. ಛಂದಸ್ಸಿನಲ್ಲಿ ಹ್ರಸ್ವಾಕ್ಷರಕ್ಕೆ ಒಂದು ಮಾತ್ರೆ, ದೀರ್ಘಕ್ಕೂ ಅನುಸ್ವಾರವಿರುವುದಕ್ಕೂ ಒತ್ತಕ್ಷರದ ಹಿಂದಿನದಕ್ಕೂ ಎರಡು. 'ಅಂಗಳ' ನಾಲ್ಕು, 'ತುಂಬಿದ' ನಾಲ್ಕು, 'ಹೂವಿನ' ನಾಲ್ಕು, 'ಪರಿಮಳ' ನಾಲ್ಕು. ಮೂರರ ನಡೆಯಲ್ಲಿ ಎರಡನೆಯ ಪೆಟ್ಟು 'ಅಂಗ' ಆದ ಮೇಲೆ 'ಳ'ದ ಮೇಲೆ ಬೀಳುತ್ತದೆ. ಎರಡನೆಯ ಮಾತಿನ ತಲೆಯಾದ 'ತುಂ' ಪೆಟ್ಟಿಲ್ಲದೆ ಜಾರಿಹೋಗುತ್ತದೆ. ಅಲ್ಲಿಂದ ಮುಂದೆ ಕಿವಿಗೆ ಮಾತು ಸಿಗುವುದಿಲ್ಲ.

ಎಂ.ಎ.ಯಲ್ಲಿ ಓದಿದ್ದು ಆಗ ನೆನಪಾಯಿತು. ಕನ್ನಡ ರಗಳೆಗಳಲ್ಲಿ ನಾಲ್ಕು ಮಾತ್ರೆಯ ಗಣದ್ದು ಮಂದಾನಿಲ, ಐದರದ್ದು ಲಲಿತ. ಮೂರರದ್ದರ ಹೆಸರು ಉತ್ಸಾಹ. ನಾನು ಉತ್ಸಾಹ ಬೇಕಾದ ಕಡೆ ಮಂದಾನಿಲ ಬರೆದಿದ್ದೆ!

ಮತ್ತೆ ಬರೆದೆ: "ಮಗಳು ಬಂದ್ಳು ನೋಡಿ ಬನ್ನಿ, ಬಾಗ್ಲ ತೆಗಿರಿ ದೀಪ ಹಚ್ಚಿ." ಪ್ರತಿ ಮಾತೂ ಮೂರು ಮಾತ್ರೆ, ಪ್ರತಿ ಪೆಟ್ಟಿಗೂ ಒಂದು ಮಾತಿನ ತಲೆ. 'ಬಾಗಿಲು' ಎಂದು ಬರೆದರೆ ನಾಲ್ಕಾಗುತ್ತದೆ, ಮನೆಯಲ್ಲಿ ಆಡುವಂತೆ 'ಬಾಗ್ಲ' ಎಂದರೆ ಮೂರು. ಹಿರಿಯರು ಈ ಸಲ ನಿಲ್ಲಿಸಲಿಲ್ಲ.

ಆಮೇಲೆ ವೇಗದ ಪ್ರಶ್ನೆ ಬಂತು. ಮದುಮಗಳನ್ನು ಮಂಟಪಕ್ಕೆ ಕರೆತರುವವನು ಸೋದರಮಾವ, ಅಂದರೆ ನನ್ನ ಅಪ್ಪ. ಎರಡು ವರ್ಷದ ಹಿಂದೆ ಅಪ್ಪನಿಗೆ ಪಾರ್ಶ್ವವಾಯು ಹೊಡೆದು ಎಡಗಾಲು ಎಳೆಯುತ್ತದೆ. ಊರುಗೋಲು ಬೇಕು. ವಾದಕರು ತಮ್ಮ ರೂಢಿಯ ವೇಗದಲ್ಲಿ ಬಾರಿಸುವುದನ್ನು ಕೇಳಿದ ಅಪ್ಪ ಆ ರಾತ್ರಿ, "ನಿಮ್ಮ ಚಿಕ್ಕಪ್ಪ ಕರಕೊಂಡು ಬರಲಿ ಬಿಡವ್ವಾ" ಎಂದರು. ಅತ್ತೆಯ ಮಗಳು ಕೇಳಲಿಲ್ಲ. "ಮಾಮ ಬರಲಿಲ್ಲಂದ್ರ ನನಗ ಹಾಡೂ ಬ್ಯಾಡ" ಎಂದಳು.

ಮರುದಿನ ಅಪ್ಪನನ್ನು ಹಾಲ್‌ಗೆ ಕರೆದೊಯ್ದು ಅಳೆದೆ. ಬಾಗಿಲಿಂದ ಮಂಟಪಕ್ಕೆ ಇಪ್ಪತ್ತೆಂಟು ಮೀಟರ್. ಅಪ್ಪನ ಹೆಜ್ಜೆ ಸುಮಾರು ಮೂವತ್ತೈದು ಸೆಂಟಿಮೀಟರ್, ಅಂದರೆ ಎಂಬತ್ತು ಹೆಜ್ಜೆ. ನಿಮಿಷಕ್ಕೆ ನಲವತ್ತೆಂಟು ಹೆಜ್ಜೆ ಹಾಕಿದರು. ಒಟ್ಟು ನೂರು ಸೆಕೆಂಡು.

ಕಾಗದವನ್ನು ಹಿರಿಯ ವಾದಕರ ಮುಂದಿಟ್ಟೆ. ಅವರು ಲೆಕ್ಕ ನೋಡಲಿಲ್ಲ, ಅಪ್ಪನ ಕಾಲು ನೋಡಿದರು. "ಅವರು ಬೇಗ ನಡೆಯುವುದು ಬೇಡ. ಒಂದು ಹೆಜ್ಜೆಯಲ್ಲಿ ಒಂದು ಸಲ ಬಾರಿಸುವುದನ್ನು ಆಮೇಲೆ ಎರಡು ಸಲ ಬಾರಿಸುತ್ತೇವೆ" ಎಂದರು. ಸಂಗೀತದವರು ಒಂದನೆಯ ಕಾಲ, ಎರಡನೆಯ ಕಾಲ ಎನ್ನುವುದು ಇದನ್ನೇ. ತಾಳ ಬದಲಾಗುವುದಿಲ್ಲ, ಅದರೊಳಗೆ ತುಂಬುವುದು ಇಮ್ಮಡಿಯಾಗುತ್ತದೆ. ನಡೆಯುವವರ ಕಾಲು ನಲವತ್ತೆಂಟರಲ್ಲೇ ಇರುತ್ತದೆ, ದಪ್ಪು ತೊಂಬತ್ತಾರಕ್ಕೆ ಹೋಗುತ್ತದೆ. ನೋಡುವವರಿಗೆ ಎಲ್ಲವೂ ಏರಿದಂತೆ ಕಾಣುತ್ತದೆ.

ಹೀಗೆ ಹಂಚಿದೆವು. ಮೊದಲ ಇಪ್ಪತ್ತನಾಲ್ಕು ಹೆಜ್ಜೆಗೆ ಸನ್ನಾಯಿ ಮಾತ್ರ, ಮಾತಿಲ್ಲ. ಮುಂದಿನ ಇಪ್ಪತ್ತನಾಲ್ಕಕ್ಕೆ ಒಂದೇ ದಪ್ಪು, ಹೆಜ್ಜೆಗೊಂದು ಪೆಟ್ಟು, ಅದರ ಮೇಲೆ ನನ್ನ ಆರು ಸಾಲು. ಕೊನೆಯ ಮೂವತ್ತೆರಡಕ್ಕೆ ನಾಲ್ಕೂ ದಪ್ಪು, ಎರಡನೆಯ ಕಾಲ. ಮುಚ್ಚಿದ ಹಾಲ್‌ನಲ್ಲಿ ನಾಲ್ಕು ದಪ್ಪು ಒಟ್ಟಿಗೆ ಎದ್ದರೆ ವ್ಯಂಜನಗಳು ಸತ್ತೇಹೋಗುತ್ತವೆ, ಉಳಿಯುವುದು ಸ್ವರ ಮಾತ್ರ. ಆದ್ದರಿಂದ ಹೇಳಬೇಕಾದದ್ದನ್ನೆಲ್ಲ ನಡುವಿನ ಆರು ಸಾಲಿನಲ್ಲಿ ಹೇಳಿ, ಕೊನೆಗೆ 'ಬಂದ್ಳೋ ಬಂದ್ಳೋ' ಎಂಬ ಕೂಗು ಒಂದನ್ನೇ ಇಟ್ಟೆ. ನನ್ನ ಒಳ್ಳೆಯ ಸಾಲುಗಳು ಹತ್ತು ಹೋದವು.

ತಾಲೀಮಿನಲ್ಲಿ ಒಂದು ತೊಡಕು ಉಳಿದಿತ್ತು. ಎರಡನೆಯ ಕಾಲಕ್ಕೆ ಬಂದೊಡನೆ ಹುಡುಗ ವಾದಕರು ಓಡುತ್ತಿದ್ದರು. ಅದನ್ನು ಗುರುತಿಸುವುದು ಸುಲಭ: ಸುತ್ತಲಿನವರ ಚಪ್ಪಾಳೆ ನಡೆಯುವವರ ಕಾಲಿನ ಜೊತೆ ಬೀಳುತ್ತಿದ್ದರೆ ಸರಿ, ಅದಕ್ಕಿಂತ ಮುಂದೆ ಬಿದ್ದರೆ ನಡೆ ಓಡಿದೆ ಎಂದರ್ಥ. ಹಿರಿಯರು ತಾವು ಅಪ್ಪನಿಗೆ ಎದುರಾಗಿ ಹಿಂದಕ್ಕೆ ನಡೆಯುತ್ತಾ ಬಾರಿಸುವುದೆಂದು ನಿರ್ಧರಿಸಿದರು. ಊರುಗೋಲು ನೆಲಕ್ಕೆ ತಾಗಿದಾಗ ಅವರ ದಪ್ಪ ಕೋಲಿನ ಪೆಟ್ಟು. ಉಳಿದ ಮೂವರು ಅವರನ್ನು ನೋಡಬೇಕು.

ಇನ್ನೊಂದು ಮಾತನ್ನು ಅತ್ತೆ ಸೇರಿಸಿದರು: ಹಾಡು ಮಂಟಪದ ಮೆಟ್ಟಿಲಲ್ಲಿ ನಿಲ್ಲಬೇಕು, ಬಾಲ ಬೇಡ. ತಾಳಿ ಕಟ್ಟುವಾಗಿನ ಗಟ್ಟಿಮೇಳ ಮುಂದಿದೆ. ಆ ಹೊತ್ತಿನಲ್ಲಿ ಸೀನು, ಅಪಶಬ್ದ ಕಿವಿಗೆ ಬೀಳಬಾರದೆಂದು ಇರುವಷ್ಟೂ ಜೋರಾಗಿ ಬಾರಿಸುತ್ತಾರೆ. ಆ ಜೋರನ್ನು ಬಾಗಿಲಲ್ಲೇ ಖರ್ಚು ಮಾಡಬಾರದು.

ಮದುವೆಯ ದಿನ ವಾದಕರು ರಸ್ತೆಯ ಬದಿಯಲ್ಲಿ ಕಾಗದ ಸುಟ್ಟು ಚರ್ಮ ಕಾಯಿಸಿದರು. ಹಾಲ್‌ನೊಳಗೆ ಬೆಂಕಿ ಬಿಡುವುದಿಲ್ಲ, ಬಿಗಿ ಸಡಿಲುವ ಮುಂಚೆ ಶುರುವಾಗಬೇಕು. ಬ್ಯೂಟಿ ಪಾರ್ಲರಿನವರು ಇಪ್ಪತ್ತು ನಿಮಿಷ ತಡ ಮಾಡಿದ್ದರಿಂದ ಮತ್ತೊಮ್ಮೆ ಕಾಯಿಸಬೇಕಾಯಿತು.

ಬಾಗಿಲು ತೆರೆಯಿತು. ನಾನು ಗೋಡೆಗೆ ಒರಗಿ ಎಣಿಸುತ್ತಿದ್ದೆ. ನಲವತ್ತೆಂಟರಲ್ಲಿ ದಪ್ಪು ಇಮ್ಮಡಿಯಾದಾಗ ಹುಡುಗನ ಕಡೆಯವರು ಕುರ್ಚಿ ಸರಿಸಿ ಎದ್ದರು. ಚಪ್ಪಾಳೆ ಅಪ್ಪನ ಕಾಲಿನ ಜೊತೆಗೇ ಬೀಳುತ್ತಿತ್ತು. ಅರವತ್ತರ ಆಸುಪಾಸಿನಲ್ಲಿ ಅಪ್ಪ ನಿಂತರು. ದಣಿದರೇನೋ ಎಂದು ನನ್ನ ಎದೆ ಧಸಕ್ಕೆಂದಿತು. ಹಿರಿಯ ವಾದಕರೂ ನಿಂತಲ್ಲೇ ನಿಂತು, ಬಾರಿಸುವುದನ್ನು ಬಿಡದೆ, ಅದೇ ಕೂಗನ್ನು ಮತ್ತೆ ಮತ್ತೆ ಹೇಳಿಸಿದರು. ಅಪ್ಪ ಊರುಗೋಲನ್ನು ಬಲಗೈಯಿಂದ ಎತ್ತಿ ನೆಲಕ್ಕೆ ಎರಡು ಸಲ ಕುಟ್ಟಿದರು, ತಾಳಕ್ಕೆ ಸರಿಯಾಗಿ. ಆಮೇಲೆ ನಡೆದರು.

ಮೆಟ್ಟಿಲ ಹತ್ತಿರ ನನ್ನ ಲೆಕ್ಕ ಎಂಬತ್ತಾರಕ್ಕೆ ಬಂದಿತ್ತು.