ಜುಲೈ ತಿಂಗಳ ಸೆಣಬಿನ ಚೀಲ

ಅಂಗಡಿಗೆ ಬಂದವರು ಸೆಣಬಿನ ಚೀಲವನ್ನು ಮುಟ್ಟಿ, ತಿರುವಿ, ಮೂಸಿಯೂ ನೋಡುತ್ತಾರೆ. ಇನ್‌ಸ್ಟಾಗ್ರಾಮ್ ಪುಟದಲ್ಲಿ ಅವರಿಗೆ ಕಾಣುವುದು ನಾವು ತೋರಿಸಿದಷ್ಟು ಮಾತ್ರ. ಮಂಗಳೂರಿನ ಮಳೆಗಾಲದಲ್ಲಿ ಈ ವ್ಯತ್ಯಾಸ ಸಣ್ಣದಲ್ಲ.

ಸೆಣಬು ಗಾಳಿಯ ತೇವವನ್ನು ಹೀರುವ ನಾರು. ತನ್ನ ತೂಕದ ಐದನೇ ಒಂದು ಭಾಗದಷ್ಟು ತೇವವನ್ನು ಎಳೆದುಕೊಂಡರೂ ಅದು ಕೈಗೆ ಒದ್ದೆಯೆನಿಸುವುದಿಲ್ಲ. ಅಂತಹ ಚೀಲವನ್ನು ಪ್ಲಾಸ್ಟಿಕ್ ಲಕೋಟೆಯಲ್ಲಿ ಮುಚ್ಚಿ ಕೊರಿಯರ್‌ಗೆ ಒಪ್ಪಿಸಿದರೆ ತೇವಕ್ಕೆ ಹೊರದಾರಿಯಿಲ್ಲದೆ ಬೂಷ್ಟು ಹಿಡಿಯುತ್ತದೆ. ಆದ್ದರಿಂದ ನಾನು ಕೈಗಿಂತ ಅಡುಗೆಮನೆಯ ತಕ್ಕಡಿಯನ್ನು ನಂಬುತ್ತೇನೆ. ಏಪ್ರಿಲ್‌ನಲ್ಲಿ 200 ಗ್ರಾಂ ತೂಗಿದ ಮಾದರಿ ಚೀಲ ಜುಲೈಯಲ್ಲಿ 215 ತೂಗುತ್ತದೆ, ಹೆಚ್ಚಿದ್ದು ನೀರು. ಮುಚ್ಚಿದ ಕೋಣೆಯಲ್ಲಿ ಫ್ಯಾನಿನಡಿ ಹರಡಿ, ಬಳಿಕ ಇಸ್ತ್ರಿ ಹಾಕಿದರೆ ತೂಕ ಇಳಿಯುತ್ತದೆ. ಒಳಗೆ ಪ್ಲಾಸ್ಟಿಕ್ ಪದರವಿರುವ ಬಟ್ಟೆಗೆ ಇಸ್ತ್ರಿ ಸಲ್ಲದು, ಪದರ ಕರಗಿ ಅಂಟಿಕೊಳ್ಳುತ್ತದೆ. ತೂಕ ಇಳಿದ ಕೂಡಲೇ ಕಟ್ಟಬೇಕು. ಒಂದು ರಾತ್ರಿ ಹೊರಗಿಟ್ಟರೆ ಶ್ರಮವೆಲ್ಲ ವ್ಯರ್ಥ.

ಕಳೆದ ಜುಲೈಯಲ್ಲಿ ಬೆಂಗಳೂರಿನ ಕುಟುಂಬವೊಂದು ನಿಕಾಹ್ ಸಮಾರಂಭಕ್ಕೆಂದು 40 ಚೀಲಗಳನ್ನು ಕೇಳಿತ್ತು. ಚೀಲವೊಂದಕ್ಕೆ 120 ರೂಪಾಯಿಯಂತೆ ಒಟ್ಟು 4,800; ಮುಂಗಡ 2,400. ಕಟ್ಟುವ ಮುನ್ನ ಇಸ್ತ್ರಿ ಹಾಕುವಾಗ ಆರು ಚೀಲಗಳಿಂದ ಮಣ್ಣಿನಂತಹ ವಾಸನೆ ಎದ್ದಿತು. ತಳದ ಮಡಿಕೆಯಲ್ಲಿ ಸಾಸಿವೆಯಷ್ಟು ಕಪ್ಪು ಚುಕ್ಕೆಗಳಿದ್ದವು. ಬ್ರಷ್‌ನಿಂದ ಉಜ್ಜಿದಾಗ ಮೇಲಿನ ನಯವಾದ ಪುಡಿ ಹೋಯಿತು, ಚುಕ್ಕೆ ಹೋಗಲಿಲ್ಲ. ನೆರವಿಗೆ ಬಂದಿದ್ದ ನೆರೆಮನೆಯಾಕೆ, "ಮಡಿಕೆ ಒಳಗಾದರೆ ಯಾರು ನೋಡ್ತಾರೆ ಮೋಳೇ?" ಎಂದರು.

ಪ್ರವಾದಿ(ಸ)ಯವರು ಧಾನ್ಯದ ರಾಶಿಯೊಳಗೆ ಕೈಹಾಕಿದಾಗ ಬೆರಳಿಗೆ ತೇವ ತಾಗಿದ ಘಟನೆ ಸಹೀಹ್ ಮುಸ್ಲಿಮ್‌ನಲ್ಲಿದೆ. ಮಳೆ ಬಿದ್ದಿತ್ತು ಎಂದು ವ್ಯಾಪಾರಿ ಹೇಳಿದ. ಮಳೆ ಅವನ ತಪ್ಪಾಗಿರಲಿಲ್ಲ. ಒದ್ದೆ ಭಾಗವನ್ನು ಜನರಿಗೆ ಕಾಣುವಂತೆ ಮೇಲಿಡದಿದ್ದುದಕ್ಕೆ ಅವನನ್ನು ಪ್ರಶ್ನಿಸಲಾಯಿತು. ಮೊಬೈಲಿನ ಪರದೆಯೂ ಅಂತಹದೇ ರಾಶಿ. ನಾವು ಕನ್ನಡದಲ್ಲಿ ದಿನವೂ ಆಡುವ 'ಐಬು' ಅರಬಿ ಪದವೇ. ಮುಚ್ಚಿಟ್ಟ ಐಬು ಬಯಲಾದರೆ ಸರಕನ್ನು ಹಿಂದಿರುಗಿಸುವ ಹಕ್ಕು ಕೊಂಡವರಿಗಿದೆ ಎಂಬುದು ಫಿಕ್ಹ್‌ನ ನಿಲುವು.

ಕಿಟಕಿಯ ಬೆಳಕಿನಲ್ಲಿ, ಫಿಲ್ಟರ್ ಇಲ್ಲದೆ, ಚುಕ್ಕೆಗಳ ಪಕ್ಕದಲ್ಲಿ ಒಂದು ರೂಪಾಯಿಯ ನಾಣ್ಯವಿಟ್ಟು ಚಿತ್ರ ತೆಗೆದೆ. ನಾಣ್ಯವಿಲ್ಲದಿದ್ದರೆ ಚುಕ್ಕೆಯ ಗಾತ್ರ ತಿಳಿಯುವುದಿಲ್ಲ. ವಾಸನೆ ಚಿತ್ರದಲ್ಲಿ ಬರುವುದಿಲ್ಲವಾದ್ದರಿಂದ ಅದನ್ನು ಬರೆದು ತಿಳಿಸಿದೆ. ಆರನ್ನು ಬಿಟ್ಟು ಲೆಕ್ಕ ಮಾಡಬಹುದು, ಇಲ್ಲವೇ ಹತ್ತು ದಿನ ಕಾದರೆ ಹೊಸದನ್ನು ಹೊಲಿದು ಕೊಡುವೆನೆಂದೂ ಸೇರಿಸಿದೆ. ದಿನ ಹತ್ತಿರವಿತ್ತು. ವಧುವಿನ ತಾಯಿ ಆ ಆರನ್ನು ತರಕಾರಿ ತರಲೆಂದು ತಲಾ 70 ರೂಪಾಯಿಗೆ ಒಪ್ಪಿಕೊಂಡರು. ಒಟ್ಟು 4,500 ಆಯಿತು, ಬಾಕಿ 2,100 ಬಂತು.

ಆ ಆರು ಚೀಲಗಳನ್ನು ಪ್ರತ್ಯೇಕ ಪೊಟ್ಟಣದಲ್ಲಿ ಕಟ್ಟಿದೆ. ಒಟ್ಟಿಗೆ ಇಟ್ಟಿದ್ದರೆ ಬೂಷ್ಟು ಉಳಿದ 34ಕ್ಕೂ ಹರಡುವ ಸಾಧ್ಯತೆಯಿತ್ತು.