ವಾಚಕರ ವಾಣಿಗೊಂದು ಕಾಗದ

ಸ್ತ್ರೀಯರಿಗೆ ಗೌರವವಿದ್ದಲ್ಲಿ ದೇವತೆಗಳು ಸಂತೋಷಪಡುತ್ತಾರೆ ಎಂಬ ಶ್ಲೋಕವಿಲ್ಲದೆ ನಮ್ಮಲ್ಲಿ ಮಹಿಳಾ ದಿನಾಚರಣೆಯ ಭಾಷಣ ಮುಗಿಯುವುದು ಅಪರೂಪ. ಈ ಸಲವೂ ಒಬ್ಬ ಭಾಷಣಕಾರರು ಅದನ್ನು 'ವೇದವಾಕ್ಯ' ಎಂದರು, ಪತ್ರಿಕೆಯೂ ಹಾಗೇ ಅಚ್ಚು ಹಾಕಿತು. ಸಂಪಾದಕರಿಗೆ ಕಾಗದ ಬರೆದೆ. ಅದಕ್ಕೂ ಮೊದಲು ಭಾಷಣದ ವಿಡಿಯೊ ನೋಡಿದೆ. ತಪ್ಪು ವರದಿಗಾರರದ್ದಾಗಿದ್ದರೆ ಭಾಷಣಕಾರರನ್ನು ತಿದ್ದಲು ಹೋದ ನಾನೇ ಪೆದ್ದನಾಗುತ್ತಿದ್ದೆ!

ಶ್ಲೋಕ ಇರುವುದು ಮನುಸ್ಮೃತಿಯ 3ನೇ ಅಧ್ಯಾಯದಲ್ಲಿ, 56ನೆಯದು. 'ಮನುಸ್ಮೃತಿಯಲ್ಲಿ ಮಾತ್ರ' ಎಂದು ಬರೆಯಲಿಲ್ಲ. ಮಹಾಭಾರತದ ಅನುಶಾಸನ ಪರ್ವದಲ್ಲಿ ಭೀಷ್ಮನೂ ಹೆಚ್ಚುಕಡಿಮೆ ಇದನ್ನೇ ಹೇಳುತ್ತಾನೆ. ಅದನ್ನು ಬಿಟ್ಟಿದ್ದರೆ ಮರುವಾರ ನನ್ನನ್ನೇ ತಿದ್ದುವ ಕಾಗದ ಬರುತ್ತಿತ್ತು.

ಇಷ್ಟು ಸಣ್ಣ ವಿಷಯಕ್ಕೆ ಯಾಕಿಷ್ಟು ರಗಳೆ ಅಂದರು ಮನೆಯಲ್ಲಿ. ಸಣ್ಣದಲ್ಲ. ಮೂಲ ತೆರೆದರೆ ಪಕ್ಕದ ಶ್ಲೋಕಗಳೂ ಕಾಣುತ್ತವೆ. ಅಲ್ಲಿ ಆ ಗೌರವವೆಂದರೆ ತಂದೆ, ಅಣ್ಣತಮ್ಮ, ಗಂಡ, ಮೈದುನ ಹಬ್ಬಹರಿದಿನಕ್ಕೆ ಕೊಡುವ ಒಡವೆ, ಬಟ್ಟೆ, ಊಟ. ಅದೇ ಪುಸ್ತಕದ 9ನೇ ಅಧ್ಯಾಯ ತೆರೆಯುತ್ತಲೇ ಹೆಣ್ಣು ಸ್ವಾತಂತ್ರ್ಯಕ್ಕೆ ಅರ್ಹಳಲ್ಲ ಎನ್ನುತ್ತದೆ. 'ವೇದ' ಎಂದುಬಿಟ್ಟರೆ ಆ ಪುಟ ತಿರುವುವ ಪ್ರಮೇಯವೇ ಬರುವುದಿಲ್ಲ. ಭಾಷಣಕ್ಕೆ ಅದು ಅನುಕೂಲವೂ ಹೌದು.

ಕಾಗದ ಅಚ್ಚಾಯಿತು. ಅಧ್ಯಾಯ, ಶ್ಲೋಕದ ಸಂಖ್ಯೆ ಮಾತ್ರ ಜಾಗವಿಲ್ಲವೆಂದು ಕತ್ತರಿಸಿದ್ದರು.